ಎಂಬತ್ತು ಅಕ್ಷರದೊಳಗಿನ ಕನ್ನಡ: ಒಂದು ಎಣಿಕೆಯ ಚರಿತ್ರೆ

ಫೋನಿನಲ್ಲಿ ಗೂಗಲ್ ಪ್ಲೇ ಸ್ಟೋರ್ ತೆರೆದು ಯಾವುದಾದರೂ ಆ್ಯಪ್‌ನ ಪುಟಕ್ಕೆ ಹೋಗಿ ನೋಡಿ. ಚಿತ್ರಗಳ ಕೆಳಗೆ ಒಂದೂವರೆ ಸಾಲಿನ ಪುಟ್ಟ ವಿವರಣೆ ಇರುತ್ತದೆ. ಅದನ್ನು ಮುಟ್ಟಿದರೆ ಮಾತ್ರ ಉದ್ದದ ವಿವರಣೆ ತೆರೆದುಕೊಳ್ಳುತ್ತದೆ. ಆದರೆ ಮುಟ್ಟುವವರು ಎಷ್ಟು ಮಂದಿ? ಹೆಚ್ಚಿನವರು ಹೆಸರು ನೋಡುತ್ತಾರೆ, ಆ ಒಂದೂವರೆ ಸಾಲು ಓದುತ್ತಾರೆ, ಬೇಕು ಅಥವಾ ಬೇಡ ಎಂದು ತೀರ್ಮಾನ ಮಾಡಿಬಿಡುತ್ತಾರೆ. ಆ ಸಾಲಿಗೆ ಸ್ಟೋರ್ ಕೊಡುವ ಜಾಗ 80 ಅಕ್ಷರ. ಹೆಸರಿಗೆ 30. ಉದ್ದದ ವಿವರಣೆಗೆ 4000.

ಇಲ್ಲಿ "ಅಕ್ಷರ" ಎಂದರೆ ಏನು ಎಂಬುದೇ ಈ ಬರಹದ ವಿಷಯ. ನಮ್ಮ ಒಂದನೇ ಕ್ಲಾಸಿನ ಮೇಷ್ಟ್ರು ಹೇಳಿಕೊಟ್ಟ ಅಕ್ಷರ ಬೇರೆ, ಸ್ಟೋರ್ ಎಣಿಸುವ ಅಕ್ಷರ ಬೇರೆ. ನಮ್ಮೂರು ಬೆಳುವಾಯಿಯ ಹೆಸರನ್ನೇ ತೆಗೆದುಕೊಳ್ಳಿ. ಬೆ, ಳು, ವಾ, ಯಿ, ಅಂದರೆ ನಾಲ್ಕು ಅಕ್ಷರ. ಸ್ಟೋರ್ ಲೆಕ್ಕದಲ್ಲಿ ಇದು 8! ಪಕ್ಕದ ಮೂಡುಬಿದಿರೆ ನಮ್ಮ ಕಣ್ಣಿಗೆ 5, ಸ್ಟೋರಿಗೆ 10. ಇಂಗ್ಲಿಷ್‌ನಲ್ಲಿ ಬೆಳುವಾಯಿ ಎಂದು ಬರೆದರೆ 7 ಅಕ್ಷರಕ್ಕೆ ಮುಗಿಯುತ್ತದೆ. ಅಂದರೆ ಕಾಗದದ ಮೇಲೆ ಚಿಕ್ಕದಾಗಿ ಕಾಣುವ ಕನ್ನಡ ಹೆಸರು ಕಂಪ್ಯೂಟರಿನ ಎಣಿಕೆಯಲ್ಲಿ ಇಂಗ್ಲಿಷಿಗಿಂತ ಉದ್ದ.

ಹೀಗೆ ಯಾಕಾಯಿತು? ಇದಕ್ಕೆ ಗೂಗಲ್ ಕಾರಣವಲ್ಲ. ಇದರ ಬೇರು ಪ್ಲೇ ಸ್ಟೋರ್ ಹುಟ್ಟುವುದಕ್ಕಿಂತ ಎಷ್ಟೋ ಮೊದಲೇ ಇದೆ.

ಮೊದಲು ತಂತಿಯಿಂದ ಶುರು ಮಾಡೋಣ. ಟೆಲಿಗ್ರಾಂ ಕಾಲದಲ್ಲಿ ಲೆಕ್ಕ ಪದಕ್ಕೆ ಇತ್ತು, ಅಕ್ಷರಕ್ಕಲ್ಲ. ಇಷ್ಟು ಪದಕ್ಕೆ ಇಷ್ಟು ದುಡ್ಡು, ಮೇಲೆ ಒಂದೊಂದು ಪದಕ್ಕೂ ಇಷ್ಟಿಷ್ಟು. ತಮಾಷೆ ನೋಡಿ, ಹಾಗೆ ಪದ ಎಣಿಸುವ ಪದ್ಧತಿ ಕನ್ನಡದಂಥ ಭಾಷೆಗೆ ಲಾಭದ್ದು. ಇಂಗ್ಲಿಷ್‌ನಲ್ಲಿ ನಾಲ್ಕು ಪದ ಬೇಕಾಗುವ ಮಾತನ್ನು ನಾವು "ಬರಬೇಕಾಗಿತ್ತು" ಎಂದು ಒಂದೇ ಪದದಲ್ಲಿ ಹೇಳುತ್ತೇವೆ. ಪ್ರತ್ಯಯಗಳನ್ನು ಹಿಂದಕ್ಕೆ ಅಂಟಿಸುತ್ತಾ ಹೋಗುವುದು ನಮ್ಮ ಭಾಷೆಯ ಗುಣ. ಆದರೆ ನಮ್ಮ ಕಡೆ ತಂತಿ ಬರುತ್ತಿದ್ದದ್ದು ಹೆಚ್ಚಾಗಿ ಇಂಗ್ಲಿಷ್‌ನಲ್ಲಿ, ಹಾಗಾಗಿ ಆ ಲಾಭ ನಮಗೆ ಸಿಗಲೇ ಇಲ್ಲ. ಭಾರತದಲ್ಲಿ ತಂತಿ ಸೇವೆ 2013ರ ಜುಲೈ 15ರಿಂದ ನಿಂತುಹೋಯಿತು. ಅಷ್ಟು ಹೊತ್ತಿಗೆ ಎಣಿಕೆ ಪದದಿಂದ ಅಕ್ಷರಕ್ಕೆ ಇಳಿದು ಬಹಳ ಕಾಲವಾಗಿತ್ತು.

ಆ ಇಳಿಕೆ ಎಲ್ಲರಿಗೂ ಗೊತ್ತಾದದ್ದು ಎಸ್ಸೆಮ್ಮೆಸ್‌ನಿಂದ. 1985ರಲ್ಲಿ ಜರ್ಮನಿಯ ಫ್ರೀಡ್‌ಹೆಲ್ಮ್ ಹಿಲ್ಲೆಬ್ರಾಂಡ್ ಎಂಬ ಎಂಜಿನಿಯರು ಟೈಪ್‌ರೈಟರ್ ಮುಂದೆ ಕೂತು ಸುಮ್ಮನೆ ಕೆಲವು ವಾಕ್ಯ ಕುಟ್ಟಿ, ಒಂದೊಂದರ ಅಕ್ಷರ ಎಣಿಸಿದರಂತೆ. ಹೆಚ್ಚಿನವು 160ರ ಒಳಗೇ ಬಂದವು. ಎಸ್ಸೆಮ್ಮೆಸ್ಸಿಗೆ 160 ಸಾಕು ಎಂಬ ನಿರ್ಧಾರದ ಹಿಂದೆ ಈ ಲೆಕ್ಕ ಇತ್ತು. ಒಂದು ಸಂದೇಶದ ಒಳಗೆ ಇರುವುದು 140 ಬೈಟ್ ಜಾಗ. ಇಂಗ್ಲಿಷ್ ಅಕ್ಷರಕ್ಕೆ 7 ಬಿಟ್ ಸಾಕಾದ್ದರಿಂದ 160 ಹಿಡಿಸುತ್ತವೆ. ಕನ್ನಡಕ್ಕೆ 16 ಬಿಟ್ ಬೇಕು, ಹಾಗಾಗಿ ಬರೀ 70. ಸಂದೇಶ ಎರಡಾಗಿ ಒಡೆದರೆ ಜೋಡಿಸುವ ಮಾಹಿತಿಗೂ ಜಾಗ ಬೇಕು, ಆಗ ಒಂದೊಂದಕ್ಕೆ 67. ಆ ಕಾಲದಲ್ಲಿ ಎಷ್ಟೋ ಫೋನುಗಳಿಗೆ ಕನ್ನಡ ತೋರಿಸಲೂ ಬರುತ್ತಿರಲಿಲ್ಲ, ಚೌಕ ಚೌಕ ಡಬ್ಬಿ ಕಾಣುತ್ತಿತ್ತು. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟುವ ನಮ್ಮ ಅಭ್ಯಾಸಕ್ಕೆ ಈ ಡಬ್ಬಿಯೂ ಕಾರಣ, ಈ 70ರ ಲೆಕ್ಕವೂ ಕಾರಣ.

ಆದರೆ ಆ 70 ಕೂಡ ನಾವು ಎಣಿಸುವ 70 ಅಕ್ಷರ ಅಲ್ಲ. ಈಗ ಮುಖ್ಯ ವಿಷಯಕ್ಕೆ ಬರೋಣ.

ಎಂಬತ್ತರ ದಶಕದಲ್ಲಿ ಭಾರತೀಯ ಲಿಪಿಗಳನ್ನೆಲ್ಲ ಕಂಪ್ಯೂಟರಿಗೆ ತರಲು ಒಂದು ಸಂಕೇತ ಪದ್ಧತಿ ರೂಪಿಸಿದರು, ಅದರ ಹೆಸರು ಇಸ್ಕಿ. 1988ರಲ್ಲಿ ಒಂದು ರೂಪ ಬಂತು, 1991ರಲ್ಲಿ ಅದು ಭಾರತೀಯ ಮಾನಕ ಸಂಸ್ಥೆಯ ಮಾನಕವಾಯಿತು (ಐಎಸ್ 13194). ಅವರ ಕೈಯಲ್ಲಿ ಇದ್ದದ್ದು 8 ಬಿಟ್, ಅಂದರೆ ಒಟ್ಟು 256 ಮನೆ. ಅದರಲ್ಲಿ ಅರ್ಧ ಇಂಗ್ಲಿಷಿಗೆ ಹೋಯಿತು. ಉಳಿದ 128 ಮನೆಯಲ್ಲಿ ಕನ್ನಡದ ಎಲ್ಲ ಕಾಗುಣಿತ, ಎಲ್ಲ ಒತ್ತಕ್ಷರ ಕೂರಿಸುವುದು ಹೇಗೆ? 34 ವ್ಯಂಜನಕ್ಕೆ ಕಾಗುಣಿತ ಬರೆದರೇನೇ ನಾನೂರು ದಾಟುತ್ತದೆ. ಒತ್ತಕ್ಷರ ಸೇರಿದರೆ ಸಾವಿರಗಟ್ಟಲೆ. ಅದಕ್ಕೆ ಅವರು ಬಹಳ ಜಾಣತನದ ದಾರಿ ಹಿಡಿದರು. ನಮ್ಮ ಲಿಪಿಗಳೆಲ್ಲ ಬ್ರಾಹ್ಮಿಯ ಮಕ್ಕಳು, ಎಲ್ಲಕ್ಕೂ ಒಂದೇ ಅ ಆ ಇ ಈ, ಒಂದೇ ಕ ಖ ಗ ಘ. ಆದ್ದರಿಂದ ವ್ಯಂಜನಕ್ಕೆ ಒಂದು ಸಂಕೇತ, ಸ್ವರಚಿಹ್ನೆಗೆ ಒಂದು ಸಂಕೇತ, ಒತ್ತಕ್ಷರ ಬೇಕಾದಲ್ಲಿ ನಡುವೆ ಅರ್ಧಾಕ್ಷರ ಚಿಹ್ನೆ, ಅಂದರೆ ಹಲಂತ. "ಕ್ಕ" ಎಂದರೆ ಕ, ಹಲಂತ, ಕ. ಮೂರು.

1991ರ ಅಕ್ಟೋಬರಿನಲ್ಲಿ ಯೂನಿಕೋಡ್‌ನ ಮೊದಲ ಆವೃತ್ತಿ ಬಂದಾಗ ಭಾರತದ ಲಿಪಿಗಳ ಮಟ್ಟಿಗೆ 1988ರ ಇಸ್ಕಿಯ ಕ್ರಮವನ್ನೇ ಎತ್ತಿಕೊಂಡರು. ಕನ್ನಡಕ್ಕೆ ಸಿಕ್ಕಿದ್ದು `U+0C80`ರಿಂದ `U+0CFF`ವರೆಗೆ, ಅದೇ 128 ಮನೆ. 256ರ ಇಕ್ಕಟ್ಟು ಹೋಯಿತು, ಆದರೆ ಆ ಇಕ್ಕಟ್ಟಿಗಾಗಿ ಮಾಡಿದ ಜೋಡಣೆ ಉಳಿಯಿತು.

ಬೇರೆ ದಾರಿ ಇತ್ತೇ ಎಂದು ಕೇಳಬಹುದು. ಇತ್ತು. ಕೊರಿಯಾದವರನ್ನು ನೋಡಿ. ಅವರ ಹಂಗುಲ್ ಲಿಪಿಯೂ ನಮ್ಮದರಂತೆ ಬಿಡಿ ವ್ಯಂಜನ, ಸ್ವರಗಳನ್ನು ಜೋಡಿಸಿ ಒಂದು ಗುಂಪು ಮಾಡುತ್ತದೆ. 1996ರ ಯೂನಿಕೋಡ್ 2.0ರಲ್ಲಿ ಆಧುನಿಕ ಕೊರಿಯನ್ನಿನ ಎಲ್ಲ 11,172 ಗುಂಪುಗಳಿಗೂ ಒಂದೊಂದು ಸ್ವಂತ ಸಂಕೇತ ಕೊಟ್ಟರು. ಮೂರು ಧ್ವನಿಯ ಒಂದು ಕೊರಿಯನ್ ಅಕ್ಷರ ಸ್ಟೋರಿನಲ್ಲಿ 1. ನಮ್ಮ "ಸ್ತ್ರೀ" ಬರೆದರೆ ಸ, ಹಲಂತ, ತ, ಹಲಂತ, ರ, ದೀರ್ಘ ಈ, ಒಟ್ಟು 6. ಕೊರಿಯನ್ನಿನಲ್ಲಿ ಗುಂಪುಗಳಿಗೆ ಒಂದು ಮಿತಿ ಇದೆ, ಎಣಿಸಿ ಮುಗಿಸಬಹುದು. ಕನ್ನಡದಲ್ಲಿ ಒತ್ತಿನ ಕೆಳಗೆ ಒತ್ತು ಹಾಕಿ ಹೊಸ ಹೆಸರು, ಹೊಸ ಎರವಲು ಪದ ಬರೆಯುತ್ತಲೇ ಇರುತ್ತೇವೆ. ಹಾಗಾಗಿ ನಮ್ಮ ಹಿರಿಯರು ಮಾಡಿದ್ದು ತಪ್ಪಲ್ಲ. ಆ ಜೋಡಣೆಯಿಂದಲೇ ಕನ್ನಡದಲ್ಲಿ ಹುಡುಕುವುದು, ಅಕಾರಾದಿ ಜೋಡಿಸುವುದು ಸುಲಭವಾಯಿತು. ಅದರ ಬೆಲೆಯನ್ನು ನಾವು ಈಗ 80ರ ಪೆಟ್ಟಿಗೆಯಲ್ಲಿ ಕಟ್ಟುತ್ತಿದ್ದೇವೆ, ಅಷ್ಟೆ.

ಅಂದಹಾಗೆ, ಯೂನಿಕೋಡ್ ಬರುವ ಮೊದಲು ಏನೂ ಹಗುರವಾಗಿರಲಿಲ್ಲ. ನುಡಿಯ ಹಳೆಯ ಫಾಂಟುಗಳಲ್ಲಿ ಸಂಕೇತ ಇದ್ದದ್ದು ಅಕ್ಷರಕ್ಕಲ್ಲ, ಅಕ್ಷರದ ಚೂರುಗಳಿಗೆ. "ಕ" ಮೂಡಬೇಕಾದರೆ ಕೆಳಗಿನ ಮೈಗೆ ಒಂದು, ತಲೆಕಟ್ಟಿಗೆ ಒಂದು ಹೀಗೆ ಎರಡು ಚೂರು. ಫಾಂಟ್ ಬದಲಾದರೆ ಎಲ್ಲ ಕಸ. ಇದಕ್ಕೆ ತದ್ವಿರುದ್ಧವಾಗಿ ನಮ್ಮ ಜಿಲ್ಲೆಯವರೇ ಆದ ಕಿನ್ನಿಕಂಬಳದ ಕೆ.ಪಿ. ರಾವ್ ಅವರ ಕೀಲಿಮಣೆ ಧ್ವನಿಯ ಲೆಕ್ಕದಲ್ಲಿ ನಡೆಯುತ್ತದೆ. ವ್ಯಂಜನ ಒತ್ತಿ, ಸ್ವರ ಒತ್ತಿ, ಒತ್ತಕ್ಷರಕ್ಕೆ ನಡುವೆ `f` ಒತ್ತಿ. ಈ ಕೀಲಿಮಣೆಯಲ್ಲಿ ಬರೆದು ಅಭ್ಯಾಸ ಇರುವವರಿಗೆ ಸ್ಟೋರಿನ ಎಣಿಕೆ ಬಹಳ ಬೇಗ ಅರ್ಥವಾಗುತ್ತದೆ. ನೀವು ಒತ್ತಿದ ಕೀಲಿಗಳ ಲೆಕ್ಕವೂ ಸ್ಟೋರ್ ಹಿಡಿಯುವ ಲೆಕ್ಕವೂ ಬಹುಮಟ್ಟಿಗೆ ಒಂದೇ.

ಇನ್ನು ಸ್ಟೋರಿನ ಕಡೆಯ ಚರಿತ್ರೆ ಚಿಕ್ಕದು. 2008ರಲ್ಲಿ ಆಂಡ್ರಾಯ್ಡ್ ಮಾರ್ಕೆಟ್ ಎಂಬ ಹೆಸರಿನಲ್ಲಿ ಶುರುವಾದಾಗ ಇಡೀ ವಿವರಣೆಗೆ ಇದ್ದದ್ದೇ 325 ಅಕ್ಷರ. 2010ರ ಕೊನೆಗೆ ಅದು 4000 ಆಯಿತು. 2012ರ ಮಾರ್ಚ್‌ನಲ್ಲಿ ಹೆಸರು ಗೂಗಲ್ ಪ್ಲೇ ಎಂದು ಬದಲಾಯಿತು. ಅದೇ ವರ್ಷ ಬಂದ ಆಂಡ್ರಾಯ್ಡ್ 4.1ರಲ್ಲಿ ಕನ್ನಡ ಲಿಪಿ ಸರಿಯಾಗಿ ಮೂಡತೊಡಗಿತು, 2014ರ ಆಂಡ್ರಾಯ್ಡ್ 5.0ರಲ್ಲಿ ಫೋನಿನ ಭಾಷೆಯನ್ನೇ ಕನ್ನಡ ಮಾಡಿಕೊಳ್ಳುವಂತಾಯಿತು. ಆಮೇಲೆ 50 ಇದ್ದ ಹೆಸರಿನ ಮಿತಿಯನ್ನು 2021ರಲ್ಲಿ 30ಕ್ಕೆ ಇಳಿಸಿದರು. ಅಂದರೆ ಕನ್ನಡ ಓದುವವರು ಸ್ಟೋರಿಗೆ ಬರುವ ಹೊತ್ತಿಗೆ ಜಾಗ ಇಕ್ಕಟ್ಟಾಗಿತ್ತು.

ಇಷ್ಟು ಪುರಾಣ ಸಾಕು. ಈಗ ಒಂದು ಸಾಲನ್ನು ಹಿಡಿದು ಕತ್ತರಿಸಿ ನೋಡೋಣ.

ನಾನೂ ಇಬ್ಬರು ಸ್ನೇಹಿತರೂ ಸೇರಿ ಅಡಿಕೆ ಬೆಳೆಗಾರರಿಗೆ ಒಂದು ಪುಟ್ಟ ಆ್ಯಪ್ ಬರೆದಿದ್ದೇವೆ. ನಮ್ಮ ಕಡೆ ವರ್ಷಕ್ಕೆ 4000 ಮಿಲಿಮೀಟರ್ ಹತ್ತಿರ ಮಳೆ. ಅನೇಕ ಕೃಷಿಕರ ಮನೆಯಂಗಳದಲ್ಲಿ ಮಳೆಮಾಪಕ ಇರುತ್ತದೆ, ದಿನಾ ಬೆಳಿಗ್ಗೆ ಅಳತೆ ನೋಡಿ ಡೈರಿಯಲ್ಲಿ ಬರೆಯುತ್ತಾರೆ. ಅದರ ಪಕ್ಕದಲ್ಲೇ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಿದ ದಿನವನ್ನೂ ಬರೆಯುತ್ತಾರೆ. ಮಳೆಗಾಲಕ್ಕೆ ಮೊದಲು ಒಂದು ಸಲ, 40-45 ದಿನ ಬಿಟ್ಟು ಇನ್ನೊಂದು ಸಲ. ಈ ಡೈರಿಯನ್ನೇ ಫೋನಿಗೆ ತಂದದ್ದು, ಬೇರೆ ಏನೂ ಇಲ್ಲ. ಇಂಗ್ಲಿಷ್ ಕಿರುವಿವರಣೆ ಎರಡು ವಾಕ್ಯ, 75 ಅಕ್ಷರ. ಅದರ ಮೊದಲ ಕನ್ನಡ ಅನುವಾದ ಹೀಗಿತ್ತು:

"ನಿಮ್ಮ ಅಡಿಕೆ ತೋಟದ ದಿನನಿತ್ಯದ ಮಳೆಯ ಪ್ರಮಾಣ ಮತ್ತು ಔಷಧಿ ಸಿಂಪಡಣೆಯ ದಿನಾಂಕಗಳನ್ನು ದಾಖಲಿಸಿಕೊಳ್ಳಿ. ಇಂಟರ್ನೆಟ್ ಇಲ್ಲದೆಯೂ ಕಾರ್ಯನಿರ್ವಹಿಸುತ್ತದೆ."

ತಪ್ಪಿಲ್ಲದ ವಾಕ್ಯ. ಮೇಷ್ಟ್ರು ಎಣಿಸುವಂತೆ ಎಣಿಸಿದರೆ 57 ಅಕ್ಷರ, ನಡುವಿನ ಖಾಲಿ ಜಾಗ ಮತ್ತು ಚುಕ್ಕೆಗಳನ್ನು ಸೇರಿಸಿದರೆ 72. ಅಂದರೆ ಇಂಗ್ಲಿಷಿಗಿಂತ ಮೂರು ಕಡಿಮೆ! ಆದರೆ ಸ್ಟೋರ್ ಲೆಕ್ಕದಲ್ಲಿ ಇದು 126. ಇನ್ನು 46 ಕಳೆಯಬೇಕು. ಎಲ್ಲಿಂದ?

ಎಣಿಸುವುದು ಹೇಗೆ ಎಂದು ಮೊದಲು ಹೇಳಿಬಿಡುತ್ತೇನೆ. ಲಿನಕ್ಸ್ ಇದ್ದವರಿಗೆ ಇದು ಸಾಕು:

```
printf '%s' "ಔಷಧಿ ಹೊಡೆದ ದಿನ" | wc -m
```

ಉತ್ತರ 14 ಬರುತ್ತದೆ. `wc -c` ಎಂದು ಹಾಕಿದರೆ ಬೈಟ್ ಎಣಿಸಿ 38 ಎನ್ನುತ್ತದೆ, ಯಾಕೆಂದರೆ ಯುಟಿಎಫ್-8ರಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ 3 ಬೈಟ್. ನಮಗೆ ಬೇಕಾದ್ದು ಮೊದಲನೆಯದು. `echo` ಬಳಸಿದರೆ ಸಾಲಿನ ಕೊನೆಯ ಗುರುತೂ ಸೇರಿ ಒಂದು ಹೆಚ್ಚಾಗುತ್ತದೆ, ಅದಕ್ಕೇ `printf`.

ಈಗ ಕತ್ತರಿ. ಬಾಲದಿಂದ ಶುರು ಮಾಡೋಣ. "ಕಾರ್ಯನಿರ್ವಹಿಸುತ್ತದೆ" ಒಂದೇ ಪದ 19 ತಿನ್ನುತ್ತದೆ. ಇದನ್ನು ಬಾಯಲ್ಲಿ ಯಾರೂ ಹೇಳುವುದಿಲ್ಲ. ಎರಡು ಅರ್ಕಾವತ್ತು, ಒಂದು ತ-ಒತ್ತು, ಒಂದೊಂದು ಒತ್ತಿಗೂ ಎರಡು ಸಂಕೇತದ ದಂಡ. "ನಡೆಯುತ್ತದೆ" ಎಂದರೆ 10. ಇನ್ನೂ ನೇರವಾಗಿ ಊರಿನ ಮಾತಿನಲ್ಲಿ ಹೇಳುವುದಾದರೆ ಇಡೀ ಎರಡನೇ ವಾಕ್ಯವೇ "ನೆಟ್ ಬೇಡ." ಚುಕ್ಕೆ ಸೇರಿ 9. ಮೊದಲು ಆ ವಾಕ್ಯ 39 ಇತ್ತು, 30 ಉಳಿಯಿತು. ಈಗ 96.

ಮುಂದೆ "ದಾಖಲಿಸಿಕೊಳ್ಳಿ." ಇದು ಆಫೀಸಿನ ಪದ, 14. ಡೈರಿಯಲ್ಲಿ ನಾವು ದಾಖಲಿಸುವುದಿಲ್ಲ, ಬರೆದಿಡುತ್ತೇವೆ. "ಬರೆದಿಡಿ." 8. ಈಗ 90.

ಆಮೇಲೆ "ಔಷಧಿ ಸಿಂಪಡಣೆಯ ದಿನಾಂಕಗಳನ್ನು", 26. ಇಲ್ಲಿ ಕನ್ನಡ ವ್ಯಾಕರಣ ನಮಗೆ ಒಂದು ಉಡುಗೊರೆ ಕೊಡುತ್ತದೆ. ಜೀವವಿಲ್ಲದ ವಸ್ತುಗಳ ಮಟ್ಟಿಗೆ "ಅನ್ನು" ವಿಭಕ್ತಿಯನ್ನು ಬಿಡಬಹುದು, "ಗಳು" ಕೂಡ ಬಿಡಬಹುದು. "ಪುಸ್ತಕ ಓದು" ಎನ್ನುತ್ತೇವೆ, "ಎರಡು ಹಣ್ಣು ಕೊಡಿ" ಎನ್ನುತ್ತೇವೆ, ಯಾರೂ ತಪ್ಪು ಎನ್ನುವುದಿಲ್ಲ. ಆ "ಗಳನ್ನು" ಒಂದಕ್ಕೇ 6 ಬೇಕು. ಇಂಗ್ಲಿಷ್‌ನಿಂದ ಅನುವಾದ ಮಾಡುವಾಗ ಮಾತ್ರ ಬಹುವಚನ ಕಂಡಲ್ಲೆಲ್ಲ "ಗಳು" ಅಂಟಿಸುವ ಚಾಳಿ ನಮ್ಮದು. ನಮ್ಮ ಕಡೆ ಬೋರ್ಡೋ ಸಿಂಪಡಿಸುವುದಕ್ಕೆ "ಮದ್ದು ಬಿಡುವುದು" ಎನ್ನುತ್ತಾರೆ. ಹಾಗಾಗಿ "ಮದ್ದು ಬಿಟ್ಟ ದಿನ", 15. ಅಲ್ಲಿಗೆ 11 ಉಳಿಯಿತು.

ಒಟ್ಟು 79 ಆಯಿತು! "ನಿಮ್ಮ ಅಡಿಕೆ ತೋಟದ ದಿನನಿತ್ಯದ ಮಳೆಯ ಪ್ರಮಾಣ ಮತ್ತು ಮದ್ದು ಬಿಟ್ಟ ದಿನ ಬರೆದಿಡಿ. ನೆಟ್ ಬೇಡ." ಪೆಟ್ಟಿಗೆಯ ಅಂಚಿನ ಕೆಂಪು ಬಣ್ಣ ಹೋಗಿ ಒಳಗೆ ಕೂತಿತು. ಇಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ, ಯಾಕೆಂದರೆ ಅಳತೆ ಸರಿಯಾದರೆ ಅರ್ಥ ಸರಿಯಾಯಿತು ಎಂದು ಅಲ್ಲವಲ್ಲ. ಸ್ಟೋರಿಗೆ ಹಾಕುವ ಮೊದಲು ಈ ಸಾಲನ್ನು ಇಬ್ಬರಿಗೆ ತೋರಿಸಿದೆವು.

ಒಬ್ಬರು ಬೆಳುವಾಯಿಯ ಹಿರಿಯ ಕೃಷಿಕರು. ಓದಿ, ತುಳುವಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ. "ಹಾಗಾದರೆ ನಾಳೆ ಮಳೆ ಉಂಟಾ ಇಲ್ಲವಾ ಅಂತ ಇದು ಹೇಳ್ತದಾ ಮಾರಾಯಾ?" ಅವರ ತಪ್ಪಲ್ಲ. ಸ್ಟೋರಿನಲ್ಲಿ ಮಳೆ ಎಂದು ಹುಡುಕಿದರೆ ಬರುವುದು ಹೆಚ್ಚಾಗಿ ಹವಾಮಾನದ ಆ್ಯಪ್‌ಗಳೇ. ಮಳೆ, ಮದ್ದು ಎರಡೂ ಒಂದೇ ಸಾಲಿನಲ್ಲಿ ಕಂಡರೆ, ಮಳೆ ನೋಡಿ ಮದ್ದು ಯಾವಾಗ ಬಿಡಬೇಕು ಎಂದು ಹೇಳುತ್ತದೆ ಅಂತ ಯಾರಿಗಾದರೂ ಅನಿಸುತ್ತದೆ. ಇದು ಸಣ್ಣ ವಿಷಯ ಅಲ್ಲ. ಬೋರ್ಡೋ ಎಂದರೆ 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ಮೇಲಿಂದ ಮರ ಹತ್ತುವವರ ಸಂಬಳ. ಹೊಡೆದದ್ದು ಗೊನೆಯ ಮೇಲೆ ಒಣಗುವ ಮೊದಲೇ ಮಳೆ ಬಿದ್ದರೆ ಎಲ್ಲ ತೊಳೆದು ಹೋಗುತ್ತದೆ. ಮರ ಹತ್ತುವವರು ಮತ್ತೆ ಯಾವಾಗ ಸಿಗುತ್ತಾರೋ ದೇವರೇ ಬಲ್ಲ. ಅಷ್ಟರಲ್ಲಿ ಕೊಳೆ ಹಿಡಿದು ಕಾಯಿ ಉದುರುತ್ತದೆ. ನಮ್ಮ ಆ್ಯಪ್ ಏನೂ ಹೇಳಲಿಲ್ಲ ಎಂದರೆ ನಾಳೆ ಮಳೆ ಇಲ್ಲ ಎಂದು ಒಬ್ಬರು ನಂಬಿಕೊಂಡರೆ? ಹಾಗಾಗಿ "ಇದು ಮಳೆ ಮುನ್ಸೂಚನೆ ಅಲ್ಲ" ಎಂಬ ಮಾತು ಆ 80ರ ಒಳಗೇ ಬರಬೇಕು. ಉದ್ದದ ವಿವರಣೆಯ ಮೂರನೇ ಪ್ಯಾರಾದಲ್ಲಿ ಬರೆದರೆ ಪ್ರಯೋಜನ ಇಲ್ಲ.

ಇನ್ನೊಬ್ಬರು ಬೆಂಗಳೂರಿನ ಸ್ನೇಹಿತೆ, ತುಮಕೂರು ಕಡೆಯವರು. "ಮದ್ದು ಬಿಟ್ಟ ದಿನ ಅಂದ್ರೆ ಔಷಧಿ ತಗೊಳ್ಳೋದು ನಿಲ್ಲಿಸಿದ ದಿನಾನಾ?" ಎಂದರು :) ಸರಿಯಾದ ಪ್ರಶ್ನೆಯೇ. ಅತ್ತ ಕಡೆ ಬಿಡುವುದು ಎಂದರೆ ನಿಲ್ಲಿಸುವುದು. ಸ್ಟೋರಿನಲ್ಲಿ ಕನ್ನಡಕ್ಕೆ ಇರುವುದು `kn-IN` ಎಂಬ ಒಂದೇ ಮನೆ. ದಕ್ಷಿಣ ಕನ್ನಡಕ್ಕೆ ಒಂದು, ಶಿರಸಿಗೆ ಒಂದು, ತುಮಕೂರಿಗೆ ಒಂದು ಎಂದು ಭಾಷೆಯ ಮನೆ ಇಲ್ಲ. "ಔಷಧಿ ಹೊಡೆದ ದಿನ" ಎಂದರೆ ಎಲ್ಲ ಕಡೆಯ ಬೆಳೆಗಾರರಿಗೂ ತಿಳಿಯುತ್ತದೆ. ಎಣಿಸಿದರೆ 14, ಮದ್ದಿಗಿಂತ ಒಂದು ಕಡಿಮೆಯೇ. ಔ ಎಂಬ ಸ್ವರಕ್ಕೂ, ಷ ಎಂಬ ಬೋಳು ವ್ಯಂಜನಕ್ಕೂ ಒಂದೊಂದೇ ಸಂಕೇತ ಸಾಕು, ಆದರೆ "ಮದ್ದು", "ಬಿಟ್ಟ" ಎರಡರಲ್ಲೂ ಒತ್ತು ಇದೆ. ಕಿವಿಗೆ ಚಿಕ್ಕದಾಗಿ ಕೇಳಿದ ಪದ ಎಣಿಕೆಯಲ್ಲಿ ಚಿಕ್ಕದಾಗಿರಬೇಕು ಎಂದೇನೂ ಇಲ್ಲ. "ಮದ್ದು ಬಿಡುವುದು" ಎಂಬ ನಮ್ಮ ಮಾತನ್ನು ಉದ್ದದ ವಿವರಣೆಯ ಮೊದಲ ಸಾಲಿಗೆ ಕಳಿಸಿದೆವು, ಅಲ್ಲಿ 4000 ಇದೆ.

ಮುನ್ಸೂಚನೆಯ ಮಾತಿಗೆ ಜಾಗ ಮಾಡಲು ಮತ್ತೆ ಕತ್ತರಿ. "ನಿಮ್ಮ" ಬೇಡ, ನಮ್ಮ ತೋಟ ಅಂತ ಯಾರೂ ಅಂದುಕೊಳ್ಳುವುದಿಲ್ಲ. "ದಿನನಿತ್ಯದ" ಬದಲು "ದಿನದ". "ಮಳೆಯ ಪ್ರಮಾಣ ಮತ್ತು" ಎಂಬಲ್ಲಿ 17 ಹೋಗುತ್ತಿತ್ತು, "ಮಳೆ," ಎಂದು ಅಲ್ಪವಿರಾಮ ಹಾಕಿದರೆ 4. ಮಳೆ ಬರೆದಿಡುವುದು ಎಂದರೆ ಅಳತೆಯೇ ಅಲ್ಲದೆ ಇನ್ನೇನು? "ಮತ್ತು" ಕೂಡ ಕನ್ನಡದ ಮಾತಿನಲ್ಲಿ ಅಷ್ಟಾಗಿ ಬರುವ ಪದ ಅಲ್ಲ. ಆದರೆ "ತೋಟದ" ಎಂಬಲ್ಲಿನ "ದ" ತೆಗೆಯುವ ಹಾಗಿಲ್ಲ. "ಅನ್ನು" ಬಿಟ್ಟ ಹಾಗೆ ಎಲ್ಲ ವಿಭಕ್ತಿಯನ್ನೂ ಬಿಡುತ್ತಾ ಹೋದರೆ ವಾಕ್ಯ ಪದಗಳ ರಾಶಿಯಾಗುತ್ತದೆ. ಕೊನೆಗೆ ನಿಂತ ಸಾಲು ಇದು:

"ಅಡಿಕೆ ತೋಟದ ದಿನದ ಮಳೆ, ಔಷಧಿ ಹೊಡೆದ ದಿನ ಬರೆದಿಡಿ. ಇದು ಮಳೆ ಮುನ್ಸೂಚನೆ ಅಲ್ಲ. ನೆಟ್ ಬೇಡ."

78. ಮೂಲ ಇಂಗ್ಲಿಷ್‌ನಲ್ಲಿ ಇಲ್ಲದ ಒಂದು ಮಾತನ್ನೂ ಹೇಳಿದೆ, ಆದರೂ 2 ಉಳಿದಿದೆ. ಆಮೇಲೆ ಇಂಗ್ಲಿಷ್ ಸಾಲಿಗೂ ಅದನ್ನು ಸೇರಿಸಿದೆವು. ಅನುವಾದದಿಂದ ಮೂಲ ತಿದ್ದಿಕೊಂಡದ್ದು! ಆದರೆ ಇದೇ ಸಾಲನ್ನು ಎಸ್ಸೆಮ್ಮೆಸ್ ಮಾಡಿದರೆ 70 ದಾಟಿದ್ದರಿಂದ ಇವತ್ತಿಗೂ ಎರಡು ಸಂದೇಶದ ಲೆಕ್ಕ.

ಚುಟುಕಾಗಿಸಲು ಕನ್ನಡದಲ್ಲಿ ಇನ್ನೊಂದು ಹಳೆಯ ದಾರಿ ಇದೆ, ಅದು ಹ್ರಸ್ವಾಕ್ಷರ. ನಮ್ಮ ಶಾಸನಗಳಲ್ಲಿ ಗದ್ಯಾಣ ಎಂಬ ನಾಣ್ಯಕ್ಕೆ "ಗ" ಎಂದಷ್ಟೇ ಕೆತ್ತಿ ಮುಂದೆ ಸಂಖ್ಯೆ ಹಾಕಿರುವುದನ್ನು ಎಷ್ಟೋ ಕಡೆ ಕಾಣಬಹುದು. ಕಲ್ಲಿನಲ್ಲಿ ಒಂದೊಂದು ಅಕ್ಷರಕ್ಕೂ ಉಳಿಯ ಪೆಟ್ಟು ಬೇಕಲ್ಲ. ನಾವೂ ವಿಳಾಸ ಬರೆಯುವಾಗ "ದ.ಕ." ಎನ್ನುತ್ತೇವೆ, 4 ಸಂಕೇತ. ಬಿಡಿಸಿ "ದಕ್ಷಿಣ ಕನ್ನಡ" ಎಂದರೆ 12. ಆದರೆ ಗ ಎಂದರೆ ಗದ್ಯಾಣ ಎಂದು ಆ ಊರಿನ ಎಲ್ಲರಿಗೂ ಗೊತ್ತಿತ್ತು, ದ.ಕ. ಎಂದರೆ ಇಲ್ಲಿನ ಅಂಚೆಯಣ್ಣನಿಗೆ ಗೊತ್ತು. ಸ್ಟೋರಿನಲ್ಲಿ ಓದುವವರು ಯಾರೋ, ಎಲ್ಲಿಯವರೋ. ಅಲ್ಲಿ "ಅ.ತೋ." ಎಂದು ಬರೆದರೆ ಅಡಿಕೆ ತೋಟ ಎಂದು ಯಾರು ಓದುತ್ತಾರೆ? ಹಾಗಾಗಿ ಈ ದಾರಿ ಬೇಡ ಎಂದು ಬಿಟ್ಟೆವು.

ಕಣ್ಣಿಗೆ ಕಾಣದ ಎರಡು ಕಳ್ಳರ ಬಗ್ಗೆಯೂ ಹೇಳಬೇಕು. ಎಣಿಕೆ ಸರಿ ಇದ್ದರೂ ಸ್ಟೋರ್ ಹೆಚ್ಚಾಯಿತು ಎಂದರೆ ಇವರನ್ನು ಹುಡುಕಿ. ಒಬ್ಬ, ಒತ್ತಕ್ಷರ ಆಗದಂತೆ ತಡೆಯುವ ಅದೃಶ್ಯ ಗುರುತು, `U+200C`. "ಇಂಟರ್ನೆಟ್" ಎಂದು ಒತ್ತು ಹಾಕಿ ಬರೆದರೆ 9, "ಇಂಟರ್‌ನೆಟ್" ಎಂದು ಬಿಡಿಸಿ ಬರೆದರೆ 10. ಆ ಹತ್ತನೆಯದು ತೆರೆಯ ಮೇಲೆ ಎಲ್ಲೂ ಕಾಣುವುದಿಲ್ಲ. ಹಾಗೆಂದು ಎಲ್ಲ ಕಡೆ ಕಿತ್ತು ಹಾಕಬೇಡಿ, "ನೆಟ್‌ವರ್ಕ್" ಎಂಬಲ್ಲಿ ತೆಗೆದರೆ ಟ ಕೆಳಗೆ ವ-ಒತ್ತು ಬಂದು ಓದಲಾಗದಂತಾಗುತ್ತದೆ.

ಇನ್ನೊಬ್ಬ, ಒಡೆದ ಸ್ವರಚಿಹ್ನೆ. "ತೋ" ಎಂಬಲ್ಲಿನ ಓ-ಕಾರಕ್ಕೆ ಯೂನಿಕೋಡಿನಲ್ಲಿ ಒಂದೇ ಸಂಕೇತ ಇದೆ. ಆದರೆ ಅದನ್ನೇ ಎ-ಕಾರ, ಊ-ಕಾರ, ದೀರ್ಘದ ಗುರುತು ಎಂದು ಮೂರು ಚೂರಾಗಿಯೂ ಬರೆಯಬಹುದು, ನಿಯಮದ ಪ್ರಕಾರ ಎರಡೂ ಒಂದೇ. ಬೇರೆ ಕಡೆಯಿಂದ ಅಂಟಿಸಿದ ಪಠ್ಯ ಕೆಲವೊಮ್ಮೆ ಹೀಗೆ ಒಡೆದಿರುತ್ತದೆ. ಪೈಥಾನ್‌ನಲ್ಲಿ ನೋಡಿ:

```
import unicodedata as u
len(u.normalize("NFC", "ತೋಟ"))   # 3
len(u.normalize("NFD", "ತೋಟ"))   # 5
```

ಸ್ಟೋರಿಗೆ ಅಂಟಿಸುವ ಮೊದಲು ಒಮ್ಮೆ `NFC` ಮಾಡಿಕೊಂಡರೆ ಪುಕ್ಕಟೆ ಜಾಗ ಸಿಗುತ್ತದೆ, ಅಕ್ಷರ ಒಂದೂ ಬದಲಾಗುವುದಿಲ್ಲ.

ಕೊನೆಯದಾಗಿ ತುಳುವಿನ ಮಾತು. ಬೆಳುವಾಯಿಯಲ್ಲಿ ನಾವು ಮಾತಾಡುವುದು ಹೆಚ್ಚಾಗಿ ತುಳು, ಬರೆಯುವುದು ಕನ್ನಡ ಲಿಪಿಯಲ್ಲಿ. 2024ರ ಸೆಪ್ಟೆಂಬರಿನಲ್ಲಿ ಬಂದ ಯೂನಿಕೋಡ್ 16.0ರಲ್ಲಿ ತುಳು-ತಿಗಳಾರಿ ಲಿಪಿಗೂ ಜಾಗ ಸಿಕ್ಕಿತು, `U+11380`ರಿಂದ. ಸಂತೋಷವೇ. ಆದರೆ ಆ ಸಂಖ್ಯೆ ನೋಡಿ, ಐದು ಅಂಕಿ. ಕನ್ನಡದ ಸಂಕೇತಗಳು 16 ಬಿಟ್‌ನ ಒಂದು ತುಂಡಿನಲ್ಲಿ ಹಿಡಿಸುತ್ತವೆ. ತುಳು-ತಿಗಳಾರಿ ಹಿಡಿಸುವುದಿಲ್ಲ, ಒಂದೊಂದಕ್ಕೂ ಎರಡು ತುಂಡು ಬೇಕು. ಜಾವಾದ `length()` ಎಣಿಸುವುದು ಈ ತುಂಡುಗಳನ್ನೇ. ಹಾಗೆ ಎಣಿಸುವ ತಂತ್ರಾಂಶದಲ್ಲಿ 80ರ ಪೆಟ್ಟಿಗೆ ಕಟ್ಟಿದರೆ ತುಳು ಲಿಪಿಗೆ ಸಿಗುವುದು 40 ಸಂಕೇತ, ಸ್ವರಚಿಹ್ನೆ, ಒತ್ತು ಕಳೆದರೆ ಇಪ್ಪತ್ತೋ ಇಪ್ಪತ್ತೈದೋ ಅಕ್ಷರ. ನೀವು ಯಾರಾದರೂ ಮಿತಿ ಇರುವ ಪೆಟ್ಟಿಗೆಗೆ ಕೋಡ್ ಬರೆಯುವವರಾದರೆ, ಜಾವಾದಲ್ಲಿ `codePointCount()` ಎಂಬುದೂ ಒಂದಿದೆ. ಕನ್ನಡಕ್ಕೆ ಎರಡೂ ಒಂದೇ ಉತ್ತರ ಕೊಡುತ್ತವೆ, ತುಳು ಲಿಪಿಗೆ ಮಾತ್ರ ಅದು ಅರ್ಧ ಜಾಗವನ್ನು ವಾಪಸ್ ಕೊಡುತ್ತದೆ.